ಒಮ್ಮೆಗೆ ಒಂದು ಪ್ರಶ್ನೆ: ಸ್ಪಷ್ಟೀಕರಣ ಕೇಳುವ ಕ್ರಮ

ಮಗುವಿನ ಮಾತೋ ಬರಹವೋ ಸ್ಪಷ್ಟವಾಗದಿದ್ದಾಗ ಶಿಕ್ಷಕರು ಪ್ರಶ್ನೆ ಕೇಳುತ್ತಾರೆ. ಇದು ಪಾಠದ ಕೊನೆಯಲ್ಲಿ ಕೇಳುವ ಪರೀಕ್ಷಾ ಪ್ರಶ್ನೆಯಲ್ಲ. ಮಗುವಿನ ಮನಸ್ಸಿನಲ್ಲಿ ಏನಿದೆ, ಎಲ್ಲಿ ತೊಡಕಾಗಿದೆ ಎಂದು ಅರಿಯಲು ಕೇಳುವ ಪ್ರಶ್ನೆ. ಇಂಥ ಪ್ರಶ್ನೆಗಳು ಒಂದರ ಹಿಂದೆ ಒಂದಾಗಿ ಬಂದಾಗ ಮಗು ಮೌನವಾಗುವುದು, ಇಲ್ಲವೆ ಎಲ್ಲದಕ್ಕೂ ತಲೆಯಾಡಿಸುವುದು ತರಗತಿಯಲ್ಲಿ ದಿನನಿತ್ಯದ ಅನುಭವ. ಹೀಗೇಕೆ ಆಗುತ್ತದೆ, ಪ್ರಶ್ನೆಗಳಲ್ಲಿ ಯಾವುದನ್ನು ಮೊದಲು ಕೇಳಬೇಕು, ಯಾವುದನ್ನು ಕೇಳಲೇಬಾರದು ಎಂಬುದನ್ನು ಒಂದು ಲೆಕ್ಕದ ನಿದರ್ಶನದ ಮೂಲಕ ಈ ಪಾಠದಲ್ಲಿ ಪರಿಶೀಲಿಸಲಾಗಿದೆ.

1. ಒಂದು ಲೆಕ್ಕ, ಏಳು ಪ್ರಶ್ನೆಗಳು

ಕಾಸರಗೋಡು ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರ ನಾಲ್ಕನೆಯ ತರಗತಿಯನ್ನು ಊಹಿಸಿಕೊಳ್ಳಬಹುದು. ಹಲಗೆಯ ಮೇಲೆ ಹೀಗೊಂದು ಲೆಕ್ಕವಿದೆ: "ಶಾಲಾ ಗ್ರಂಥಾಲಯದಲ್ಲಿ 402 ಪುಸ್ತಕಗಳಿದ್ದವು. 168 ಪುಸ್ತಕಗಳನ್ನು ಎರವಲು ನೀಡಲಾಯಿತು. ಈಗ ಗ್ರಂಥಾಲಯದಲ್ಲಿರುವ ಪುಸ್ತಕಗಳೆಷ್ಟು?" ಮನೆಯಲ್ಲಿ ತುಳು ಮಾತನಾಡುವ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಮೇಜಿನ ಬಳಿಗೆ ಬರುತ್ತಾಳೆ. "ಟೀಚರ್, ಈ ಲೆಕ್ಕ ನಂಗೆ ಗೊತ್ತಾಗ್ಲಿಲ್ಲ" ಎನ್ನುತ್ತಾಳೆ.

ಶಿಕ್ಷಕಿಗೆ ನೆರವಾಗುವ ಮನಸ್ಸಿದೆ. ಸಮಯ ಕಡಿಮೆ ಇದೆ. ಅವರು ಒಂದೇ ಉಸಿರಿನಲ್ಲಿ ಕೇಳುತ್ತಾರೆ: "ಯಾವುದು ಗೊತ್ತಾಗಲಿಲ್ಲ? ಪ್ರಶ್ನೆ ಸರಿಯಾಗಿ ಓದಿದ್ದೀಯಾ? ಕೂಡಿಸುವುದೋ ಕಳೆಯುವುದೋ? ಮೊನ್ನೆ ಹೇಳಿಕೊಟ್ಟಾಗ ನೀನು ಬಂದಿದ್ದೆಯಾ? ಇದರ ಹಿಂದಿನ ಲೆಕ್ಕ ಸರಿಯಾಯಿತಾ? ಮನೆಯಲ್ಲಿ ಯಾರಾದರೂ ಹೇಳಿಕೊಡುತ್ತಾರಾ? ಸೊನ್ನೆ ಇದ್ದಾಗ ಸಾಲ ತರುವುದು ಮರೆತುಹೋಯಿತಾ?"

ಹುಡುಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು "ಹೂಂ" ಎನ್ನುತ್ತಾಳೆ.

ಆ "ಹೂಂ" ಕೊನೆಯ ಪ್ರಶ್ನೆಗೆ ಬಂದ ಉತ್ತರವೆಂದು ಶಿಕ್ಷಕಿ ಭಾವಿಸುತ್ತಾರೆ. ಹತ್ತರ ಸ್ಥಾನದಲ್ಲಿ ಸೊನ್ನೆ ಇರುವಾಗ ನೂರರ ಸ್ಥಾನದಿಂದ ಸಾಲ ತರುವ ಕ್ರಮವನ್ನು ಹಲಗೆಯ ಮೇಲೆ ಮತ್ತೊಮ್ಮೆ ವಿವರಿಸುತ್ತಾರೆ. ಹತ್ತು ನಿಮಿಷ ಕಳೆಯುತ್ತದೆ. ಹುಡುಗಿ ಹಲಗೆಯಿಂದ 234 ಎಂಬ ಉತ್ತರವನ್ನು ಬರೆದುಕೊಳ್ಳುತ್ತಾಳೆ. ಮರುದಿನ ಅದೇ ಬಗೆಯ ಇನ್ನೊಂದು ಲೆಕ್ಕ ಕೊಟ್ಟಾಗ ಅವಳು ಎರಡು ಸಂಖ್ಯೆಗಳನ್ನೂ ಕೂಡಿಸಿಡುತ್ತಾಳೆ. ಸಾಲ ತರುವುದು ಅವಳಿಗೆ ಮೊದಲೇ ಗೊತ್ತಿತ್ತು. ತೊಡಕು ಇದ್ದದ್ದು ಬೇರೆಡೆ.

2. ಮಗು ಏಕೆ ಉತ್ತರಿಸಲಾರದು

ಕೇಳಿದ ಮಾತನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಅದರ ಮೇಲೆ ಕೆಲಸ ಮಾಡುವ ಸಾಮರ್ಥ್ಯವನ್ನು ಮನೋವಿಜ್ಞಾನಿಗಳು ಕಾರ್ಯಕಾರಿ ಸ್ಮೃತಿ ಎಂದು ಕರೆಯುತ್ತಾರೆ. ಇದರ ವ್ಯಾಪ್ತಿ ಕಿರಿದು. ಜಾರ್ಜ್ ಮಿಲ್ಲರ್ 1956ರಲ್ಲಿ ಪ್ರಕಟಿಸಿದ ಹೆಸರಾಂತ ಲೇಖನದಲ್ಲಿ ಸುಮಾರು ಏಳು ಅಂಶಗಳ ಮಿತಿಯನ್ನು ಗುರುತಿಸಿದ್ದರು. 2001ರಲ್ಲಿ ನೆಲ್ಸನ್ ಕೊವಾನ್ ಹಿಂದಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ವಯಸ್ಕರಲ್ಲೂ ಅದು ನಾಲ್ಕರ ಆಸುಪಾಸಿನಲ್ಲಿದೆ ಎಂದು ವಾದಿಸಿದರು. ಮಕ್ಕಳಲ್ಲಿ ಈ ಸಾಮರ್ಥ್ಯ ಇನ್ನೂ ಬೆಳೆಯುತ್ತಿರುವುದರಿಂದ ಮಿತಿ ಮತ್ತಷ್ಟು ಚಿಕ್ಕದು.

ಏಳು ಪ್ರಶ್ನೆಗಳನ್ನು ನೆನಪಿನಲ್ಲಿಡುವುದಷ್ಟೇ ಇಲ್ಲಿನ ಹೊರೆಯಲ್ಲ. ಪ್ರತಿಯೊಂದು ಪ್ರಶ್ನೆಯೂ ಬೇರೆ ಬೇರೆ ಕೆಲಸವನ್ನು ಬೇಡುತ್ತದೆ. ಒಂದಕ್ಕೆ ಲೆಕ್ಕವನ್ನು ಮತ್ತೆ ಓದಬೇಕು. ಇನ್ನೊಂದಕ್ಕೆ ಮೊನ್ನೆಯ ದಿನವನ್ನು ನೆನಪಿಸಿಕೊಳ್ಳಬೇಕು. ಮತ್ತೊಂದಕ್ಕೆ ಮನೆಯ ವಿಷಯ ಹೇಳಬೇಕು. ಮೊದಲನೆಯದಕ್ಕೆ ಉತ್ತರ ಹುಡುಕುವಷ್ಟು ಹೊತ್ತು ಉಳಿದ ಆರನ್ನೂ ಹಿಡಿದಿಟ್ಟುಕೊಳ್ಳಬೇಕು. ಅಷ್ಟರಲ್ಲಿ ಲೆಕ್ಕವೇ ಮನಸ್ಸಿನಿಂದ ಜಾರಿಹೋಗಿರುತ್ತದೆ. ಮನೆಮಾತು ಬೇರೆಯಾಗಿರುವ ಮಗುವಿಗೆ ಇದರ ಮೇಲೆ ಇನ್ನೊಂದು ಹೊರೆ ಬೀಳುತ್ತದೆ: ಕೇಳಿದ್ದನ್ನು ಶಾಲೆಯ ಕನ್ನಡದಿಂದ ತನ್ನ ಮಾತಿಗೆ ತಂದುಕೊಳ್ಳಬೇಕು, ಹೇಳಬೇಕಾದುದನ್ನು ತನ್ನ ಮಾತಿನಿಂದ ಶಾಲೆಯ ಕನ್ನಡಕ್ಕೆ ಒಯ್ಯಬೇಕು.

ಇನ್ನೊಂದು ಕಾರಣವೂ ಇದೆ. ಒಟ್ಟಿಗೆ ಬಂದ ಪ್ರಶ್ನೆಗಳಲ್ಲಿ ಯಾವುದು ಮುಖ್ಯವೆಂಬುದು ಕೇಳಿದವರಿಗೆ ತಿಳಿದಿರಬಹುದು, ಕೇಳಿಸಿಕೊಂಡವರಿಗೆ ತಿಳಿಯುವುದಿಲ್ಲ. "ಮೊನ್ನೆ ಬಂದಿದ್ದೆಯಾ", "ಮರೆತುಹೋಯಿತಾ" ಎಂಬ ಮಾತುಗಳು ತಪ್ಪು ಹುಡುಕುವ ವಿಚಾರಣೆಯಂತೆ ಕೇಳಿಸುತ್ತವೆ. ಆಗ ಮಗು ಉತ್ತರಕ್ಕಿಂತ ಪಾರಾಗುವ ದಾರಿಯನ್ನು ಹುಡುಕುತ್ತದೆ. "ಹೂಂ" ಎಂಬುದು ಎಲ್ಲಕ್ಕಿಂತ ಹತ್ತಿರದ ದಾರಿ.

ಹೊರೆ ಹೆಚ್ಚಾಗಿದೆ ಎಂಬುದನ್ನು ಶಿಕ್ಷಕರು ಕೆಲವು ಲಕ್ಷಣಗಳಿಂದ ಗುರುತಿಸಬಹುದು. ಮಗು ಕೊನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ಅಥವಾ ಎಲ್ಲಕ್ಕಿಂತ ಸುಲಭವಾದುದನ್ನು ಆರಿಸಿಕೊಂಡು "ಬಂದಿದ್ದೆ ಟೀಚರ್" ಎಂದು ನಿಲ್ಲುತ್ತದೆ. ಒಂದೇ ಪದದ ಒಪ್ಪಿಗೆ ಕೊಡುತ್ತದೆ. ಪಕ್ಕದವರ ಮುಖ ನೋಡುತ್ತದೆ. ನಿನ್ನೆ ಸರಾಗವಾಗಿ ಹೇಳಿದ್ದಕ್ಕೆ ಇಂದು "ಗೊತ್ತಿಲ್ಲ" ಎನ್ನುತ್ತದೆ. ಇವುಗಳಲ್ಲಿ ಯಾವುದು ಕಂಡರೂ ಬಂದ ಉತ್ತರವನ್ನು ಉತ್ತರವೆಂದು ಎಣಿಸದೆ, ಪ್ರಶ್ನೆಯನ್ನೇ ಬದಲಿಸಬೇಕು.

3. ಪ್ರಶ್ನೆಗಳನ್ನು ಸೋಸುವ ಬಗೆ

ಮನಸ್ಸಿನಲ್ಲಿ ಏಳು ಪ್ರಶ್ನೆಗಳು ಮೂಡುವುದು ತಪ್ಪಲ್ಲ. ಏಳನ್ನೂ ಮಗುವಿನ ಮುಂದಿಡುವುದು ತಪ್ಪು. ಬಾಯಿಗೆ ಬರುವ ಮೊದಲು ಅವನ್ನು ಎರಡು ಜರಡಿಗಳಲ್ಲಿ ಸೋಸಬೇಕು.

ಮೊದಲನೆಯ ಜರಡಿ: ಕೇಳದೆಯೇ ನೋಡಿ ತಿಳಿಯಬಹುದೇ? ಮೇಲಿನ ನಿದರ್ಶನದಲ್ಲಿ ಹುಡುಗಿಯ ಪುಸ್ತಕ ಮೇಜಿನ ಮೇಲೆಯೇ ಇದೆ. ಅದೇ ಪುಟದ ಹಿಂದಿನ ಲೆಕ್ಕದಲ್ಲಿ ಅವಳು 305ರಿಂದ 127ನ್ನು ಕಳೆದು 178 ಎಂದು ಬರೆದಿದ್ದಾಳೆ. ಅಲ್ಲಿಯೂ ಹತ್ತರ ಸ್ಥಾನದಲ್ಲಿ ಸೊನ್ನೆಯಿದೆ; ಉತ್ತರ ಸರಿಯಾಗಿದೆ. ಆದುದರಿಂದ "ಹಿಂದಿನ ಲೆಕ್ಕ ಸರಿಯಾಯಿತಾ" ಮತ್ತು "ಸಾಲ ತರುವುದು ಮರೆತುಹೋಯಿತಾ" ಎಂಬ ಎರಡು ಪ್ರಶ್ನೆಗಳಿಗೂ ಪುಟವೇ ಉತ್ತರ ಕೊಟ್ಟಿದೆ. ಮೊನ್ನೆ ಬಂದಿದ್ದಳೋ ಇಲ್ಲವೋ ಎಂಬುದು ಹಾಜರಿ ಪುಸ್ತಕದಲ್ಲಿದೆ. ಇನ್ನೂ ಸೂಕ್ಷ್ಮವಾಗಿ ನೋಡಿದರೆ, ಈ ಲೆಕ್ಕದ ಕೆಳಗೆ ಬರೆದು ಅಳಿಸಿದ 570 ಎಂಬ ಸಂಖ್ಯೆಯ ಗುರುತು ಕಾಣುತ್ತದೆ. 402 ಮತ್ತು 168ರ ಮೊತ್ತವೇ 570. ಅವಳು ಕೂಡಿಸಿದ್ದಾಳೆ, ಅನುಮಾನ ಬಂದು ಅಳಿಸಿದ್ದಾಳೆ. ಅಳಿಸಿದ ಗುರುತು ಏಳು ಪ್ರಶ್ನೆಗಳಿಗಿಂತ ಹೆಚ್ಚು ಹೇಳುತ್ತದೆ. ಮಕ್ಕಳಿಗೆ ತಪ್ಪನ್ನು ರಬ್ಬರಿನಿಂದ ಉಜ್ಜಿ ತೆಗೆಯುವ ಬದಲು ಒಂದು ಗೆರೆ ಎಳೆದು ಬಿಡಲು ಹೇಳುವುದರ ಪ್ರಯೋಜನ ಇದೇ.

ಎರಡನೆಯ ಜರಡಿ: ಉತ್ತರ ಬದಲಾದರೆ ಶಿಕ್ಷಕರ ಮುಂದಿನ ಹೆಜ್ಜೆ ಬದಲಾಗುತ್ತದೆಯೇ? "ಪ್ರಶ್ನೆ ಸರಿಯಾಗಿ ಓದಿದ್ದೀಯಾ" ಎಂಬುದಕ್ಕೆ ಓದಿದ್ದೇನೆ ಎಂದರೂ, ಓದಿಲ್ಲ ಎಂದರೂ ಶಿಕ್ಷಕಿ ಮಾಡಬೇಕಾದುದು ಒಂದೇ: ಲೆಕ್ಕವನ್ನು ಇನ್ನೊಮ್ಮೆ ಓದಿಸುವುದು. ಹಾಗಿದ್ದರೆ ಕೇಳುವ ಅಗತ್ಯವಿಲ್ಲ, ನೇರವಾಗಿ ಓದಿಸಬಹುದು. ಮನೆಯಲ್ಲಿ ಯಾರು ಹೇಳಿಕೊಡುತ್ತಾರೆ ಎಂಬುದು ಇನ್ನೊಂದು ಸಂದರ್ಭದಲ್ಲಿ ತಿಳಿಯಬೇಕಾದ ವಿಷಯವಿರಬಹುದು. ಈ ಲೆಕ್ಕದ ಮುಂದಿನ ಹೆಜ್ಜೆಯನ್ನು ಅದು ಬದಲಿಸದು. ಇವೆರಡೂ ಬಿಟ್ಟುಹೋಗುತ್ತವೆ.

ಏಳರಲ್ಲಿ ಈಗ ಉಳಿದವು ಎರಡು: "ಯಾವುದು ಗೊತ್ತಾಗಲಿಲ್ಲ" ಮತ್ತು "ಕೂಡಿಸುವುದೋ ಕಳೆಯುವುದೋ".

4. ಉಳಿದವುಗಳಲ್ಲಿ ಯಾವುದು ಮೊದಲು

ಯಾವ ಪ್ರಶ್ನೆಯ ಉತ್ತರದಿಂದ ಇನ್ನೊಂದು ಪ್ರಶ್ನೆ ಬೇಕೋ ಬೇಡವೋ ಎಂಬುದು ನಿರ್ಧಾರವಾಗುತ್ತದೆಯೋ ಅದು ಮೊದಲು ಬರಬೇಕು. ಕೂಡಿಸುವುದೋ ಕಳೆಯುವುದೋ ಎಂದು ಮೊದಲೇ ಕೇಳಿದರೆ ಎರಡು ದೋಷಗಳುಂಟು. ಎರಡೇ ಆಯ್ಕೆಗಳಿರುವುದರಿಂದ ಊಹೆಯಿಂದಲೇ ಸರಿಯುತ್ತರ ಬರಬಹುದು. ಶಿಕ್ಷಕರ ಮುಖ ನೋಡಿ, ಮೊದಲ ಉತ್ತರ ಸರಿಯಾಗಲಿಲ್ಲವೆಂದು ಕಂಡರೆ, ಮಗು ಒಡನೆ ಎರಡನೆಯದನ್ನು ಹೇಳುತ್ತದೆ. ಸರಿಯುತ್ತರ ಬಂದರೂ ಲೆಕ್ಕದ ಸಂದರ್ಭ ಅರ್ಥವಾಗಿದೆಯೇ ಎಂಬುದು ತಿಳಿಯುವುದಿಲ್ಲ.

ಹಾಗಾಗಿ ಮೊದಲ ಸ್ಥಾನ "ಯಾವುದು ಗೊತ್ತಾಗಲಿಲ್ಲ" ಎಂಬುದಕ್ಕೆ. ಆದರೆ ಅದರ ಈಗಿನ ರೂಪ ಮಗುವಿಗೆ ಕಷ್ಟದ್ದು. ಅರ್ಥವಾಗದವರಿಗೆ ಅರ್ಥವಾಗದ ಸ್ಥಳವನ್ನು ತೋರಿಸಲು ಬಾರದು. ತೋರಿಸಬಲ್ಲವರಿಗೆ ಅರ್ಧ ತೊಡಕು ಆಗಲೇ ಪರಿಹಾರವಾಗಿರುತ್ತದೆ. ಆದುದರಿಂದ ಅರ್ಥವಾಗದುದನ್ನು ಕೇಳುವ ಬದಲು ಅರ್ಥವಾದುದನ್ನು ಹೇಳಿಸಬೇಕು. ಶಿಕ್ಷಕಿ ಮತ್ತು ಹುಡುಗಿಯ ಮಾತು ಆಗ ಹೀಗೆ ನಡೆಯಬಹುದು:

"ಈ ಲೆಕ್ಕದಲ್ಲಿ ಏನಾಯಿತು ಅಂತ ನಿನ್ನ ಮಾತಿನಲ್ಲಿ ಹೇಳು. ತುಳುವಿನಲ್ಲಿ ಹೇಳಿದರೂ ಆದೀತು."

"ಲೈಬ್ರರಿಯಲ್ಲಿ ಪುಸ್ತಕ ಇತ್ತು ಟೀಚರ್. ಮತ್ತೆ… ಪುಸ್ತಕ ಕೊಟ್ರು."

"ಯಾರಿಗೆ ಕೊಟ್ಟರು?"

"ಲೈಬ್ರರಿಗೆ."

ತೊಡಕು ಹೊರಬಿತ್ತು. "ನೀಡಲಾಯಿತು" ಎಂಬ ಕರ್ಮಣಿ ಪ್ರಯೋಗದಲ್ಲಿ ಕೊಟ್ಟವರು ಯಾರೆಂಬುದು ಇಲ್ಲ. ಪಡೆದವರು ಯಾರೆಂಬುದನ್ನೂ ವಾಕ್ಯ ಹೇಳುವುದಿಲ್ಲ. ಅದನ್ನು ಸೂಚಿಸುವ ಒಂದೇ ಪದ "ಎರವಲು". ಆ ಪದ ಹುಡುಗಿಗೆ ಗೊತ್ತಿಲ್ಲ. ಯಾರೋ ಗ್ರಂಥಾಲಯಕ್ಕೆ ಪುಸ್ತಕ ಕೊಟ್ಟರೆಂದು ಅವಳು ತಿಳಿದಳು. ಹಾಗೆ ತಿಳಿದ ಮೇಲೆ ಕೂಡಿಸಿದ್ದು ಸಹಜವೇ. "ಎರವಲು ಅಂದರೆ ಲೈಬ್ರರಿಯಿಂದ ನಾವು ಮನೆಗೆ ಕೊಂಡುಹೋಗಿ, ಓದಿ, ಮತ್ತೆ ತಂದುಕೊಡುವುದು" ಎಂದು ಶಿಕ್ಷಕಿ ಹೇಳಿದರೆ ಸಾಕು. "ಹಾಗಾದ್ರೆ ಕಳೀಬೇಕು" ಎಂದು ಹುಡುಗಿಯೇ ಹೇಳುತ್ತಾಳೆ. ಕೂಡಿಸುವುದೋ ಕಳೆಯುವುದೋ ಎಂಬ ಪ್ರಶ್ನೆಯನ್ನು ಕೇಳುವ ಪ್ರಸಂಗವೇ ಬರುವುದಿಲ್ಲ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ತೊಡಕನ್ನು ಬಿಡಿಸಿದ "ಯಾರಿಗೆ ಕೊಟ್ಟರು" ಎಂಬ ಪ್ರಶ್ನೆ ಮೊದಲಿನ ಏಳರಲ್ಲಿ ಇರಲಿಲ್ಲ. ಅದು ಹುಡುಗಿಯ ಉತ್ತರದಿಂದ ಹುಟ್ಟಿತು. ಮೊದಲೇ ಸಿದ್ಧಪಡಿಸಿದ ಪಟ್ಟಿಯಲ್ಲಿ ಇರುವುದು ಶಿಕ್ಷಕರು ಊಹಿಸಬಲ್ಲ ತೊಡಕುಗಳು ಮಾತ್ರ. ಪ್ರಶ್ನೆಗಳನ್ನೆಲ್ಲ ಒಮ್ಮೆಗೇ ಕೇಳಿ ಮುಗಿಸಿದರೆ, ಮೊದಲ ಉತ್ತರದಿಂದ ಹುಟ್ಟಬೇಕಾದ ಸರಿಯಾದ ಪ್ರಶ್ನೆಗೆ ಎಡೆಯೇ ಇರುವುದಿಲ್ಲ.

5. ಎಷ್ಟು ಕೇಳಬೇಕು, ಎಷ್ಟು ಕಾಯಬೇಕು

ಒಮ್ಮೆಗೆ ಒಂದು ಪ್ರಶ್ನೆ. ಒಂದು ತೊಡಕಿಗೆ ಹೆಚ್ಚೆಂದರೆ ಮೂರು. ಮೂರೆಂಬುದು ಸಂಶೋಧನೆಯಿಂದ ಬಂದ ಸಂಖ್ಯೆಯಲ್ಲ, ತರಗತಿಯ ಅನುಕೂಲಕ್ಕಾಗಿ ಇಟ್ಟುಕೊಳ್ಳಬಹುದಾದ ಮಿತಿ. ಮೂರು ಪ್ರಶ್ನೆಗಳಾದರೂ ವಿಷಯ ಸ್ಪಷ್ಟವಾಗದಿದ್ದರೆ ನಾಲ್ಕನೆಯದನ್ನು ಕೇಳುವ ಬದಲು ಕೆಲಸದ ರೂಪವನ್ನೇ ಬದಲಿಸುವುದು ಲೇಸು. ಮೇಜಿನ ಮೇಲೆ ಹತ್ತು ಪುಸ್ತಕಗಳನ್ನಿಟ್ಟು, "ಇದು ಲೈಬ್ರರಿ. ನಾಲ್ಕು ಪುಸ್ತಕ ಎರವಲು ಕೊಟ್ಟೆವು. ಮಾಡಿ ತೋರಿಸು" ಎಂದರೆ, ಮಗುವಿನ ಕೈ ಪುಸ್ತಕವನ್ನು ತೆಗೆಯುತ್ತದೆಯೋ ಸೇರಿಸಲು ಹುಡುಕುತ್ತದೆಯೋ ಎಂಬುದು ಮಾತಿಲ್ಲದೆ ತಿಳಿಯುತ್ತದೆ.

ಪ್ರಶ್ನೆಯ ನಂತರದ ಮೌನವೂ ಪ್ರಶ್ನೆಯ ಭಾಗವೇ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣಗಳನ್ನು ಅಧ್ಯಯನ ಮಾಡಿದರು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದು ಅವರಿಗೆ ಕಂಡುಬಂದಿತು. ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಅಥವಾ ಅದಕ್ಕಿಂತ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರಿಸದೆ ಉಳಿಯುವುದು ಕಡಿಮೆಯಾಯಿತು. ಪ್ರಶ್ನೆಗಳು ರಾಶಿಯಾಗುವುದು ಬಹುತೇಕ ಈ ಒಂದು ಸೆಕೆಂಡಿನಲ್ಲಿಯೇ: ಉತ್ತರ ಬರಲಿಲ್ಲವೆಂದು ಶಿಕ್ಷಕರು ಎರಡನೆಯದನ್ನು ಕೇಳುತ್ತಾರೆ, ಅದಕ್ಕೂ ಬರಲಿಲ್ಲವೆಂದು ಮೂರನೆಯದನ್ನು. ಮನಸ್ಸಿನಲ್ಲಿ ನಿಧಾನವಾಗಿ ಐದರವರೆಗೆ ಎಣಿಸುವುದನ್ನು ರೂಢಿಸಿಕೊಂಡರೆ ರಾಶಿ ತಾನಾಗಿಯೇ ಕರಗುತ್ತದೆ.

ಚಿಕ್ಕಪುಟ್ಟ ಸಂಗತಿಗಳಲ್ಲಿ ಪ್ರಶ್ನೆಯ ಬದಲು ಊಹೆಯನ್ನು ಬಾಯಿಬಿಟ್ಟು ಹೇಳಬಹುದು: "ನೀನು ಮೂರನೆಯ ಲೆಕ್ಕ ಕೇಳುತ್ತಿದ್ದೀ ಅಂದುಕೊಂಡು ಹೇಳುತ್ತೇನೆ, ಅಲ್ಲದಿದ್ದರೆ ತಡೆ." ಇದಕ್ಕೂ ಮಿತಿಯಿದೆ. ಶಿಕ್ಷಕರ ಮಾತನ್ನು ಅಲ್ಲಗಳೆಯಲು ಚಿಕ್ಕ ಮಕ್ಕಳು ಹಿಂಜರಿಯುತ್ತಾರೆ. ಆದುದರಿಂದ ಊಹೆ ತಪ್ಪಾದರೆ ಕೂಡಲೇ ಕಂಡುಬರುವಂಥ, ಸುಲಭವಾಗಿ ತಿದ್ದಿಕೊಳ್ಳಬಹುದಾದಂಥ ವಿಷಯಗಳಲ್ಲಿ ಮಾತ್ರ ಈ ಉಪಾಯ ಸಲ್ಲುತ್ತದೆ.

6. ಪೋಷಕರೊಡನೆ

ಇದೇ ಕ್ರಮ ಶಾಲೆಯ ಕಚೇರಿಯಲ್ಲೂ ಬೇಕಾಗುತ್ತದೆ. ಜತ್ತ ಅಥವಾ ಅಕ್ಕಲಕೋಟೆ ತಾಲ್ಲೂಕಿನ ಒಂದು ಕನ್ನಡ ಶಾಲೆಗೆ ತಾಯಿಯೊಬ್ಬರು ಬಂದು, "ಸರ್, ಹುಡುಗೀದು ಒಂದು ದಾಖಲಾ ಬೇಕಾಗೇತ್ರಿ" ಎನ್ನುತ್ತಾರೆ ಎಂದುಕೊಳ್ಳೋಣ. ದಾಖಲಾ ಎಂದರೆ ಶಾಲೆ ಬಿಟ್ಟ ಪ್ರಮಾಣಪತ್ರವಿರಬಹುದು. ಮಗು ಇಲ್ಲಿ ಓದುತ್ತಿದೆ ಎಂಬ ಬೋನಾಫೈಡ್ ಇರಬಹುದು. ಮುಖ್ಯೋಪಾಧ್ಯಾಯರಿಗೆ ಅನೇಕ ಪ್ರಶ್ನೆಗಳು ಹೊಳೆಯುತ್ತವೆ: ಯಾವ ದಾಖಲಾ, ಹುಡುಗಿಯ ಪೂರ್ಣ ಹೆಸರೇನು, ಯಾವ ವರ್ಗ, ಜನ್ಮದಿನಾಂಕ ಯಾವುದು, ಯಾವ ವರ್ಷ ಸೇರಿಸಿದ್ದು, ಯಾವಾಗ ಬೇಕು.

ಹೆಸರು, ವರ್ಗ, ಜನ್ಮದಿನಾಂಕ, ಸೇರಿದ ವರ್ಷ ಎಲ್ಲವೂ ಜನರಲ್ ರಜಿಸ್ಟರಿನಲ್ಲಿವೆ. ಹುಡುಗಿ ಯಾರೆಂದು ತಿಳಿದರೆ ಉಳಿದುದನ್ನು ಅಲ್ಲಿಯೇ ನೋಡಬಹುದು. "ಯಾವ ದಾಖಲಾ" ಎಂದು ಕೇಳಿದರೆ ಕಚೇರಿಯ ಹೆಸರುಗಳನ್ನು ಅರಿಯದ ತಾಯಿ ತಡವರಿಸುತ್ತಾರೆ. ಅವರಿಗೆ ಖಚಿತವಾಗಿ ಗೊತ್ತಿರುವುದು ತಾವು ಬಂದ ಕಾರಣ. ಆದುದರಿಂದ ಮೊದಲ ಪ್ರಶ್ನೆ "ಯಾತಕ್ಕ ಬೇಕಾಗೇತ್ರಿ ಅಕ್ಕಾರ?" ಎಂಬುದೇ. "ಸ್ಕಾಲರ್‌ಶಿಪ್ ಫಾರ್ಮಿಗೆ ಹಚ್ಚಾಕರೀ" ಎಂಬ ಉತ್ತರ ಬಂದರೆ ಬೇಕಾದುದು ಬೋನಾಫೈಡ್ ಎಂಬುದು ಸ್ಪಷ್ಟ. ಫಾರ್ಮು ತುಂಬಿ ಕೊಡುವ ಕೊನೆಯ ದಿನ ಯಾವುದೆಂಬುದಷ್ಟೇ ಇನ್ನು ಕೇಳಬೇಕಾದದ್ದು.

ಇಲ್ಲಿ ಊಹೆಯ ಉಪಾಯ ಸಲ್ಲದು. ಶಾಲೆ ಬಿಟ್ಟ ಪ್ರಮಾಣಪತ್ರವನ್ನು ತಪ್ಪಾಗಿ ಬರೆದುಕೊಟ್ಟರೆ ಹುಡುಗಿ ಶಾಲೆ ಬಿಟ್ಟಳೆಂದು ರಜಿಸ್ಟರಿನಲ್ಲಿ ದಾಖಲಾಗುತ್ತದೆ. ಅದನ್ನು ಸರಿಪಡಿಸುವುದು ಸುಲಭವಲ್ಲ. ತಪ್ಪಿನ ಬೆಲೆ ಹೆಚ್ಚಾದಷ್ಟೂ ಆ ಸಂಗತಿಯನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು. ಮಗುವಿಗೆ ಹೊಟ್ಟೆನೋವು ಬಂದಾಗ, ಬಿದ್ದು ಪೆಟ್ಟಾದಾಗಲೂ ಹೀಗೆಯೇ. ಅಲ್ಲಿ ಪ್ರಶ್ನೆಗಳ ಸಂಖ್ಯೆಯನ್ನು ಮಿತಗೊಳಿಸಬಾರದು. ಆದರೆ ಒಂದಾದ ಮೇಲೆ ಒಂದನ್ನು, ಪ್ರತಿಯೊಂದಕ್ಕೂ ಉತ್ತರ ಪಡೆದು ಕೇಳಬೇಕು.

ಹಲವು ಪ್ರಶ್ನೆಗಳು ಒಟ್ಟಿಗೆ ಇದ್ದರೂ ತೊಂದರೆಯಾಗದ ಸಂದರ್ಭವೂ ಇದೆ. ಪ್ರವೇಶ ಅರ್ಜಿಯಲ್ಲಿ ಇಪ್ಪತ್ತು ಪ್ರಶ್ನೆಗಳಿದ್ದರೂ ಓದುಬರಹ ಬಲ್ಲವರು ಸುಲಭವಾಗಿ ತುಂಬುತ್ತಾರೆ. ಅಲ್ಲಿ ಪ್ರಶ್ನೆಗಳನ್ನು ಕಾಗದವೇ ನೆನಪಿಟ್ಟುಕೊಂಡಿರುತ್ತದೆ. ಒಂದರ ಉತ್ತರ ಇನ್ನೊಂದನ್ನು ಬದಲಿಸುವುದು ಅಪರೂಪ. ಬಾಯಿಮಾತಿನಲ್ಲಿ ಈ ಅನುಕೂಲ ಇಲ್ಲ. ಕೇಳಲೇಬೇಕಾದ ಪ್ರಶ್ನೆಗಳು ಹಲವಿದ್ದರೆ ಅವನ್ನು ಅಂಕೆ ಹಾಕಿ ಬರೆದುಕೊಡುವುದು ಒಳಿತು.

ಅಭ್ಯಾಸ

ಆರನೆಯ ತರಗತಿಯ ಹುಡುಗನೊಬ್ಬ "ನಮ್ಮೂರ ಜಾತ್ರೆ" ಎಂಬ ಪ್ರಬಂಧದಲ್ಲಿ ಹೀಗೆ ಬರೆದಿದ್ದಾನೆ: "ಅಪ್ಪ ಮತ್ತು ಮಾವ ಜಾತ್ರೆಗೆ ಹೋದರು. ಅವರು ಎತ್ತು ಕೊಂಡರು. ಆಮೇಲೆ ಅವರು ಬರಲಿಲ್ಲ. ನಮಗೆ ಹೆದರಿಕೆ ಆಯಿತು."

1. ಈ ನಾಲ್ಕು ವಾಕ್ಯಗಳನ್ನು ಓದಿದಾಗ ಹೊಳೆಯುವ ಪ್ರಶ್ನೆಗಳನ್ನೆಲ್ಲ ಬರೆಯಿರಿ.

2. ಪ್ರಬಂಧದ ಉಳಿದ ಭಾಗವನ್ನು ಓದಿದರೆ ಉತ್ತರ ಸಿಗಬಹುದಾದವುಗಳನ್ನು, ಮತ್ತು ಉತ್ತರ ಏನೇ ಬಂದರೂ ತಿದ್ದುವ ರೀತಿ ಬದಲಾಗದವುಗಳನ್ನು ಹೊಡೆದುಹಾಕಿ.

3. ಉಳಿದವುಗಳಲ್ಲಿ ಮೊದಲು ಕೇಳುವ ಪ್ರಶ್ನೆ ಯಾವುದು? "ಅವರು ಎಂದರೆ ಯಾರು" ಎಂದು ಕೇಳುವುದಕ್ಕೂ "ಮನೆಗೆ ಯಾರು ಬರಲಿಲ್ಲ" ಎಂದು ಕೇಳುವುದಕ್ಕೂ ಹುಡುಗನಿಂದ ಬರಬಹುದಾದ ಉತ್ತರದಲ್ಲಿ ಏನು ವ್ಯತ್ಯಾಸ? ಸಹೋದ್ಯೋಗಿಯೊಬ್ಬರು ಹುಡುಗನ ಸ್ಥಾನದಲ್ಲಿ ಕುಳಿತು ಉತ್ತರಿಸಲಿ. ಮೊದಲ ಉತ್ತರ ಬಂದ ಮೇಲೆ ಕೇಳಬೇಕೆನಿಸುವ ಎರಡನೆಯ ಪ್ರಶ್ನೆ ಮೊದಲಿನ ಪಟ್ಟಿಯಲ್ಲಿತ್ತೇ ಎಂಬುದನ್ನು ನೋಡಿ.